ಹೊಲದ ಕೆಲಸಕ್ಕೆ ಗಟ್ಟಿ ಡಿಜಿಟಲ್ ವಾಚು: ವಾಲ್ವ್ ತಿರುಗಿಸೋಕೆ ಟೈಮರ್, ಹಸುವಿನ ಬೆದೆಗೆ ಅಲಾರ್ಮ್

ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವಾಗ ವಾಚು ಯಾಕೆ? ಈ ವಾರದ ವಿಷಯ ಹೇಳಿದ ಕೂಡಲೇ ನಮ್ಮೂರ ಹುಡುಗರು ಕೇಳಿದ ಮೊದಲ ಪ್ರಶ್ನೆ ಇದು. ಪ್ರಶ್ನೆ ಸರಿಯಾಗೇ ಇದೆ. ಫೋನಿನಲ್ಲಿ ಅಲಾರ್ಮ್ ಇದೆ, ಟೈಮರ್ ಇದೆ, ಸ್ಟಾಪ್‌ವಾಚ್ ಇದೆ. ಶಬ್ದವೂ ಜೋರು. ಮನೆಯೊಳಗೆ, ಹಾಸಿಗೆ ಪಕ್ಕದಲ್ಲಿ ಫೋನೇ ವಾಸಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಹೊಲದಲ್ಲಿ ಕತೆ ಬೇರೆ. ನೀರು ಕಟ್ಟುವಾಗ ಕೈಯೆಲ್ಲ ಕೆಸರು. ಒದ್ದೆ ಬೆರಳಿಗೆ ಫೋನಿನ ಸ್ಕ್ರೀನ್ ಸರಿಯಾಗಿ ಸ್ಪಂದಿಸಲ್ಲ, ನಡು ಮಧ್ಯಾಹ್ನದ ಬಿಸಿಲಿಗೆ ಅದರಲ್ಲಿ ಏನೂ ಕಾಣಲ್ಲ. ಬಗ್ಗಿದರೆ ಜೇಬಿನಿಂದ ಜಾರುತ್ತೆ ಅಂತ ಎಷ್ಟೋ ಜನ ಫೋನನ್ನು ಮೋಟಾರು ಮನೆಯ ಗೂಡಿನಲ್ಲೋ, ಬದುವಿನ ಮೇಲೆ ಟವಲ್ ಸುತ್ತಿಯೋ ಇಟ್ಟು ಹೋಗ್ತಾರೆ. ಅಲ್ಲಿ ಅಲಾರ್ಮ್ ಹೊಡೆದರೆ ಕೇಳಿಸಿಕೊಳ್ಳೋರು ಯಾರು? ವಾಚು ಮಣಿಕಟ್ಟಿನಲ್ಲೇ ಇರುತ್ತೆ. ನಾವು ಹೋದಲ್ಲಿಗೆ ಬರುತ್ತೆ. ಅದರ ಲಾಭ ಇಷ್ಟೇ, ಆದರೆ ನೀರು ಮತ್ತು ದನದ ಕೆಲಸದಲ್ಲಿ ಇಷ್ಟೇ ಸಾಕು.

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲರೂ ಗಟ್ಟಿ ವಾಚಿಗೆ ದುಡ್ಡು ಸುರಿಯಬೇಕಾಗಿಲ್ಲ. ಗುದ್ದಲಿ, ಹಾರೆ ಹಿಡಿದು ಕೆಲಸ ಮಾಡೋರು, ಬ್ರಷ್ ಕಟರ್ ಅಥವಾ ಪವರ್ ಟಿಲ್ಲರ್ ಹಿಡಿಯೋರು, ಬೋರ್ ಪೈಪು ಎತ್ತೋರು, ತೆಂಗು ಅಡಿಕೆ ಮರ ಹತ್ತೋರು, ಇವರ ಕೈಗೆ ಸಾಮಾನ್ಯ ವಾಚು ತಡೆಯಲ್ಲ. ಒಂದೋ ಬಡಿತಕ್ಕೆ ಗಾಜು ಒಡೆಯುತ್ತೆ, ಇಲ್ಲ ಗುಂಡಿ ಮುರಿಯುತ್ತೆ, ಇಲ್ಲ ನಡುಕಕ್ಕೆ ಒಳಗಿನ ಭಾಗ ಸಡಿಲ ಆಗುತ್ತೆ. ಮುಳ್ಳಿನ ವಾಚಿನಲ್ಲಿ ಸಣ್ಣ ಸಣ್ಣ ಹಲ್ಲುಚಕ್ರ ಇರುತ್ತವೆ. ಅಂಕಿ ತೋರಿಸುವ ಡಿಜಿಟಲ್ ವಾಚಿನಲ್ಲಿ ತಿರುಗೋ ಭಾಗವೇ ಇಲ್ಲ, ಹಾಗಾಗಿ ಬಡಿತಕ್ಕೆ ಕೆಡೋ ವಸ್ತುಗಳೂ ಕಡಿಮೆ.

ನಿಮ್ಮದು ಡ್ರಿಪ್ ಎಲ್ಲ ಆಟೋಮ್ಯಾಟಿಕ್ ವಾಲ್ವ್ ಮೇಲೆ ನಡೀತಿದೆ, ಭಾರದ ಕೈಗೆಲಸ ಕಡಿಮೆ ಅಂದ್ರೆ ಸಾದಾ ಡಿಜಿಟಲ್ ವಾಚೇ ಸಾಕು. ಬರೀ ಟೈಮ್ ನೋಡೋಕೆ ಆದರೆ ಅದೂ ಬೇಡ, ಫೋನ್ ಇದೆ.

"ಶಾಕ್ ರೆಸಿಸ್ಟ್" ಅಂದ್ರೆ ನಿಜವಾಗಿ ಏನು

ಅಂಗಡಿಯಲ್ಲಿ ದಪ್ಪಗೆ ಕಾಣೋ ಪ್ರತಿ ವಾಚಿನ ಮೇಲೂ ಈ ಪದ ಬರೆದಿರುತ್ತೆ. ಎಲ್ಲದಕ್ಕೂ ಅರ್ಥ ಒಂದೇ ಅಲ್ಲ. ವಾಚುಗಳಿಗೆ ಐಎಸ್ಒ 1413 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲದ ಮೇಲೆ ಬಿದ್ದಷ್ಟು ಪೆಟ್ಟು ತಡೆದರೆ ಆ ವಾಚು ಪಾಸು. ಅಂದ್ರೆ ಸೊಂಟದೆತ್ತರದಿಂದ ಬಿದ್ದ ಹಾಗೆ. ಮೇಜಿನ ಮುಂದೆ ಕೂತು ಕೆಲಸ ಮಾಡೋರಿಗೆ ಅಷ್ಟು ಸಾಕು, ಮರ ಹತ್ತೋರಿಗೆ ಸಾಲದು.

ಇದಕ್ಕಿಂತ ಮುಂದೆ ಹೋಗಿದ್ದು ಜಪಾನಿನ ಕ್ಯಾಸಿಯೋ ಕಂಪನಿಯ ಜಿ-ಶಾಕ್. ಕಿಕುಒ ಇಬೆ ಅನ್ನೋ ಎಂಜಿನಿಯರ್, ತಂದೆ ಕೊಟ್ಟಿದ್ದ ವಾಚು ಬಿದ್ದು ಒಡೆದುಹೋದ ಮೇಲೆ, ಬಿದ್ದರೂ ಒಡೆಯದ ವಾಚು ಮಾಡಬೇಕು ಅಂತ ಹೊರಟರು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ನಡೀಬೇಕು, ಹತ್ತು ಬಾರ್ ನೀರಿನ ಒತ್ತಡ ತಡೀಬೇಕು, ಬ್ಯಾಟರಿ ಹತ್ತು ವರ್ಷ ಬರಬೇಕು ಅನ್ನೋದು ಅವರ ಗುರಿ. ಮೂರನೇ ಮಹಡಿಯ ಕಿಟಕಿಯಿಂದ ಒಂದಾದ ಮೇಲೊಂದು ಮಾದರಿ ಎಸೆದು ನೋಡಿದರು. ಮೊದಲ ವಾಚು 1983ರಲ್ಲಿ ಮಾರುಕಟ್ಟೆಗೆ ಬಂತು.

ಅದರ ಗುಟ್ಟು ಸುಲಭ. ವಾಚಿನ ಯಂತ್ರವನ್ನು ಕವಚಕ್ಕೆ ಪೂರ್ತಿ ಅಂಟಿಸದೆ, ಕೆಲವೇ ಕಡೆ ಮಾತ್ರ ತಾಗುವಂತೆ ಒಳಗೆ ತೇಲಿಸಿ ಕೂರಿಸುತ್ತಾರೆ. ಪುಟಿಯೋ ರಬ್ಬರ್ ಚೆಂಡಿನ ನಡುವೆ ಇರೋ ಭಾಗಕ್ಕೆ ಪೆಟ್ಟು ತಟ್ಟಲ್ಲ ಅನ್ನೋ ಹೊಳಹೇ ಇದಕ್ಕೆ ಮೂಲ. ಅದರ ಜೊತೆಗೆ ಹೊರಗಿನ ಅಂಚು ಗಾಜಿಗಿಂತ ಎತ್ತರ ಇರುತ್ತೆ, ಗುಂಡಿಗಳು ಅಂಚಿನ ಒಳಗೆ ಹುದುಗಿರುತ್ತವೆ. ವಾಚು ಯಾವ ಮಗ್ಗುಲಾಗಿ ಬಿದ್ದರೂ ಮೊದಲು ನೆಲ ಮುಟ್ಟೋದು ಮೆತ್ತನೆಯ ಹೊರ ಅಂಚೇ.

ಕೊಳ್ಳುವಾಗ ಇದನ್ನೇ ಪರೀಕ್ಷೆಯಾಗಿ ಬಳಸಿ. ಯಾವ ಕಂಪನಿಯದೇ ಇರಲಿ, ವಾಚನ್ನು ಮುಖ ಕೆಳಗೆ ಮಾಡಿ ಗಾಜಿನ ಮೇಜಿನ ಮೇಲಿಡಿ. ವಾಚಿನ ಗಾಜು ಮೇಜಿಗೆ ತಾಗಬಾರದು. ಆಮೇಲೆ ಮಗ್ಗುಲಿಗೆ ಇಡಿ. ಗುಂಡಿ ಮೇಜಿಗೆ ಒತ್ತಬಾರದು. ಎರಡರಲ್ಲಿ ಒಂದಾದರೂ ತಾಗಿದರೆ, ಅದು ದಪ್ಪ ವಾಚು ಅಷ್ಟೇ, ಗಟ್ಟಿ ವಾಚು ಅಲ್ಲ.

ಕೊಳ್ಳೋ ಮುಂಚೆ ನೋಡಬೇಕಾದ್ದು

ರೈತರಿಗೆ ಬೇಕಾದ ಮುಖ್ಯ ಸೌಲಭ್ಯ ಕೌಂಟ್‌ಡೌನ್ ಟೈಮರ್, ಅಂದ್ರೆ ಇಟ್ಟ ಸಮಯದಿಂದ ಹಿಂದಕ್ಕೆ ಎಣಿಸುತ್ತಾ ಸೊನ್ನೆಗೆ ಬಂದಾಗ ಕೂಗೋದು. ಇದು ಎಲ್ಲ ಡಿಜಿಟಲ್ ವಾಚಿನಲ್ಲೂ ಇಲ್ಲ. ಉದಾಹರಣೆಗೆ, ಎಲ್ಲರೂ ನೋಡಿರುವ ಕ್ಯಾಸಿಯೋ ಎಫ್-91ಡಬ್ಲ್ಯು ವಾಚಿನಲ್ಲಿ ಅಲಾರ್ಮ್ ಮತ್ತು ಸ್ಟಾಪ್‌ವಾಚ್ ಇದೆ, ಕೌಂಟ್‌ಡೌನ್ ಟೈಮರ್ ಇಲ್ಲ. ಚೌಕ ಮುಖದ ಜಿ-ಶಾಕ್ ಡಿಡಬ್ಲ್ಯು-5600ರಲ್ಲಿ 24 ಗಂಟೆವರೆಗಿನ ಟೈಮರ್ ಇದೆ, ತಿಂಗಳು ಮತ್ತು ತಾರೀಖು ಸೇರಿಸಿ ಇಡಬಹುದಾದ ಒಂದು ಅಲಾರ್ಮ್ ಇದೆ. ಅದಕ್ಕಿಂತ ಅಗ್ಗದ ಎಇ-1200ರಲ್ಲಿ ಟೈಮರ್ ಜೊತೆ ದಿನಕ್ಕೆ ಐದು ಅಲಾರ್ಮ್ ಇಡಬಹುದು, ಆದರೆ ಅದು ಜಿ-ಶಾಕ್‌ನಷ್ಟು ಪೆಟ್ಟು ತಡೆಯೋ ವಾಚಲ್ಲ. ಬೇರೆ ಕಂಪನಿಯದು ಕೊಂಡರೂ ಈ ಲೆಕ್ಕದಲ್ಲೇ ನೋಡಿ: ಟೈಮರ್ ಇದೆಯಾ, ಅದು ಸೊನ್ನೆಗೆ ಬಂದ ಮೇಲೆ ತಾನೇ ಮತ್ತೆ ಶುರುವಾಗುತ್ತಾ, ಅಲಾರ್ಮ್ ಎಷ್ಟು.

ಇನ್ನೊಂದು ಮಾತು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಂಕಿ ಬರೋ ವಾಚುಗಳು ನೋಡೋಕೆ ಚೆಂದ. ಆದರೆ ಸಂಜೆಗತ್ತಲಲ್ಲಿ, ಮೋಡದ ದಿನ ಓದೋದು ಕಷ್ಟ. ಬೂದು ಹಿನ್ನೆಲೆಯಲ್ಲಿ ಕಪ್ಪು ಅಂಕಿ ಇರೋದನ್ನೇ ತಗೊಳ್ಳಿ. ಬಿಸಿಲು ಹೆಚ್ಚಾದಷ್ಟೂ ಅದು ಸ್ಪಷ್ಟ ಕಾಣುತ್ತೆ.

ಟೈಮರ್ ಇಡೋ ಕ್ರಮ

ಹೆಚ್ಚಿನ ವಾಚುಗಳಿಗೆ ನಾಲ್ಕು ಗುಂಡಿ. ಡಿಡಬ್ಲ್ಯು-5600ರಲ್ಲಿ ಎಡಗಡೆ ಮೇಲಿನದು ಅಡ್ಜಸ್ಟ್, ಎಡಗಡೆ ಕೆಳಗಿನದು ಮೋಡ್, ಬಲಗಡೆ ಮೇಲಿನದು ಲೈಟು, ಬಲಗಡೆ ಕೆಳಗಿನದು ಸ್ಟಾರ್ಟ್-ಸ್ಟಾಪ್. ಬೇರೆ ಮಾದರಿಯಲ್ಲಿ ಜಾಗ ಬದಲಾಗಬಹುದು, ಕೆಲಸ ಇದೇ.

ಮೋಡ್ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾ ಹೋಗಿ. ಟೈಮ್, ಅಲಾರ್ಮ್, ಟೈಮರ್, ಸ್ಟಾಪ್‌ವಾಚ್ ಒಂದಾದ ಮೇಲೊಂದು ಬರುತ್ತವೆ. ಸ್ಕ್ರೀನಿನ ಮೇಲೆ TR ಅಥವಾ TMR ಅಂತ ಬಂದರೆ ನೀವು ಟೈಮರ್‌ನಲ್ಲಿದ್ದೀರಿ. ಈಗ ಅಡ್ಜಸ್ಟ್ ಗುಂಡಿಯನ್ನು ಅಂಕಿ ಮಿನುಗೋ ತನಕ ಒತ್ತಿ ಹಿಡೀರಿ. ಗಂಟೆ ಮಿನುಗುತ್ತಿರುವಾಗ ಬಲಗಡೆ ಕೆಳಗಿನ ಗುಂಡಿಯಿಂದ ಏರಿಸಿ. ಮೋಡ್ ಒತ್ತಿದರೆ ಮಿನುಗು ನಿಮಿಷಕ್ಕೆ ಹೋಗುತ್ತೆ, ಅಲ್ಲೂ ಹಾಗೇ ಏರಿಸಿ. ತಾನೇ ಮತ್ತೆ ಶುರುವಾಗೋ ಆಟೋ ರಿಪೀಟ್ ಇರೋ ವಾಚಿನಲ್ಲಿ ಅದನ್ನೂ ಇಲ್ಲೇ ಆನ್ ಮಾಡೋದು. ಎಲ್ಲ ಮುಗಿದ ಮೇಲೆ ಅಡ್ಜಸ್ಟ್ ಇನ್ನೊಮ್ಮೆ ಒತ್ತಿದರೆ ಸಮಯ ಗಟ್ಟಿ ಆಗುತ್ತೆ.

ಒಮ್ಮೆ ಇಟ್ಟ ಸಮಯ ವಾಚಿನಲ್ಲೇ ಉಳಿಯುತ್ತೆ. ನಾಳೆ ಮತ್ತೆ ಇಡಬೇಕಿಲ್ಲ, ಬರೀ ಸ್ಟಾರ್ಟ್ ಒತ್ತಿದರೆ ಆಯ್ತು. ಓಡುತ್ತಿರುವಾಗ ಅದೇ ಗುಂಡಿ ಒತ್ತಿದರೆ ಅಲ್ಲಿಗೇ ನಿಲ್ಲುತ್ತೆ, ಇನ್ನೊಮ್ಮೆ ಒತ್ತಿದರೆ ನಿಂತಲ್ಲಿಂದಲೇ ಮುಂದುವರಿಯುತ್ತೆ. ಈ ಕೊನೆಯ ಸೌಲಭ್ಯ ನೆನಪಿಡಿ. ನಮ್ಮ ಕರೆಂಟಿನ ಪರಿಸ್ಥಿತಿಗೆ ಇದಕ್ಕಿಂತ ಉಪಯೋಗದ ಗುಂಡಿ ಇನ್ನೊಂದಿಲ್ಲ.

ಲೆಕ್ಕ ಹಾಕಿ ನೋಡೋಣ: ನಾಲ್ಕು ವಾಲ್ವ್, ಒಂದು ರಾತ್ರಿ

ಎರಡು ಎಕರೆ ಟೊಮೆಟೊ, ಅರ್ಧರ್ಧ ಎಕರೆಯ ನಾಲ್ಕು ಭಾಗ, ನಾಲ್ಕು ವಾಲ್ವ್ ಅಂತ ಇಟ್ಕೊಳ್ಳಿ. ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್, ಡ್ರಿಪ್ ಪೈಪಿನಲ್ಲಿ 40 ಸೆಂಟಿಮೀಟರಿಗೊಂದು ತೂತು, ಒಂದೊಂದು ತೂತಿಗೂ ಗಂಟೆಗೆ 4 ಲೀಟರ್.

ಒಂದು ತೂತಿನ ಪಾಲಿಗೆ ಬರೋ ಜಾಗ 1.5 ಗುಣಿಸು 0.4, ಅಂದ್ರೆ 0.6 ಚದರ ಮೀಟರ್. ಬೇಸಿಗೆಯಲ್ಲಿ ತುಂಬಿ ಬೆಳೆದ ಬೆಳೆಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಅಂತ ಹಿಡಿದರೆ, ಆ ಜಾಗಕ್ಕೆ 3 ಲೀಟರ್. ಗಂಟೆಗೆ 4 ಲೀಟರ್ ಬೀಳೋ ಕಡೆ 3 ಲೀಟರ್ ಬೀಳೋಕೆ 45 ನಿಮಿಷ. ನಾಲ್ಕು ವಾಲ್ವಿಗೆ ಒಟ್ಟು ಮೂರು ಗಂಟೆ.

ಈ 45 ನಿಮಿಷ ಕಾಗದದ ಮೇಲಿನ ಲೆಕ್ಕ. ನಿಮ್ಮ ಪೈಪಿನಲ್ಲಿ ನಿಜವಾಗಿ ಗಂಟೆಗೆ 4 ಲೀಟರ್ ಬೀಳ್ತಿದೆಯಾ? ಅದನ್ನೂ ವಾಚಿನಿಂದಲೇ ನೋಡಬಹುದು. ಔಷಧಿ ಅಳೆಯೋ ಅಳತೆಯ ಲೋಟ ಒಂದನ್ನು ತೂತಿನ ಕೆಳಗಿಟ್ಟು ಟೈಮರ್ 3 ನಿಮಿಷಕ್ಕೆ ಇಡಿ. ಕೂಗಿದಾಗ ಲೋಟದಲ್ಲಿ 200 ಮಿಲಿಲೀಟರ್ ಇರಬೇಕು. ಸಾಲಿನ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಹೀಗೆ ಮೂರು ಕಡೆ ಅಳೆಯಿರಿ. 150 ಮಿಲಿಲೀಟರ್ ಮಾತ್ರ ಬಂದರೆ ನಿಮ್ಮಲ್ಲಿ ಬೀಳ್ತಿರೋದು ಗಂಟೆಗೆ 3 ಲೀಟರ್, ಹಾಗಾಗಿ 3 ಲೀಟರಿಗೆ 60 ನಿಮಿಷ ಬೇಕು. ಮೊದಲಲ್ಲಿ 200 ಇದ್ದು ಕೊನೆಯಲ್ಲಿ 120 ಬಂದರೆ ಅದು ಸಮಯದ ಸಮಸ್ಯೆ ಅಲ್ಲ. ಫಿಲ್ಟರ್ ಕಟ್ಟಿದೆ, ಇಲ್ಲ ಪೈಪಿನ ತುದಿಯಲ್ಲಿ ಕಸರು ನಿಂತಿದೆ. ಮೊದಲು ತೊಳೀರಿ, ಆಮೇಲೆ ಟೈಮರ್ ಇಡಿ.

ಈಗ ರಾತ್ರಿಗೆ ಬರೋಣ. ನಮ್ಮ ಕಡೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತೆ, ಎಷ್ಟೋ ದಿನ ರಾತ್ರಿ ಪಾಳಿಯೇ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೋಟಾರು ಶುರುವಾಯ್ತು ಅನ್ನಿ. ಒಂದನೇ ವಾಲ್ವಿನಲ್ಲಿ ನೀರು ಹನಿಯೋಕೆ ಶುರುವಾದ ಕೂಡಲೇ 45 ನಿಮಿಷದ ಟೈಮರ್ ಒತ್ತಿ, ಆಟೋ ರಿಪೀಟ್ ಆನ್ ಇರಲಿ. 10:55ಕ್ಕೆ ಕೂಗಿದಾಗ ಎರಡನೇ ವಾಲ್ವ್, 11:40ಕ್ಕೆ ಮೂರನೇದು, 12:25ಕ್ಕೆ ನಾಲ್ಕನೇದು, 1:10ಕ್ಕೆ ಮೋಟಾರು ಬಂದ್. ನೀವು ನಡೆದು ಹೋಗಿ ವಾಲ್ವ್ ತಿರುಗಿಸೋಕೆ ಮೂರು ನಿಮಿಷ ಹಿಡಿದರೂ ಚಿಂತೆ ಇಲ್ಲ. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ತಡ ಆಗೋದರಿಂದ ಎಲ್ಲ ಭಾಗಕ್ಕೂ ಸಮ ಬೀಳುತ್ತೆ. ತಿರುಗಿಸುವಾಗ ಯಾವಾಗಲೂ ಮುಂದಿನ ವಾಲ್ವ್ ಮೊದಲು ತೆಗೀರಿ, ಆಮೇಲೆ ಹಿಂದಿನದನ್ನು ಮುಚ್ಚಿ. ಎಲ್ಲ ವಾಲ್ವ್ ಮುಚ್ಚಿದ್ದು ಮೋಟಾರು ಓಡ್ತಾ ಇದ್ದರೆ ಒತ್ತಡ ಏರಿ ಪೈಪಿನ ಜೋಡಣೆ ಕಿತ್ತುಬರುತ್ತೆ.

ಇನ್ನು ನಡುವೆ ಕರೆಂಟು ಹೋದರೆ? 11 ಗಂಟೆಗೆ ಹೋಯ್ತು ಅನ್ನಿ. ಎರಡನೇ ವಾಲ್ವಿಗೆ ಬಿದ್ದಿರೋದು ಐದೇ ನಿಮಿಷದ ನೀರು. ಆ ಕ್ಷಣವೇ ಸ್ಟಾಪ್ ಒತ್ತಿ, ವಾಚಿನಲ್ಲಿ 40 ನಿಮಿಷ ಉಳಿದು ನಿಲ್ಲುತ್ತೆ. ಹನ್ನೊಂದೂವರೆಗೆ ಕರೆಂಟು ಬಂದು ಮೋಟಾರು ಎತ್ತಿಕೊಂಡಾಗ ಸ್ಟಾರ್ಟ್ ಒತ್ತಿ. 12:10ಕ್ಕೆ ಕೂಗುತ್ತೆ. ಮೂರನೇದು 12:55ಕ್ಕೆ, ನಾಲ್ಕನೇದು 1:40ಕ್ಕೆ ಮುಗಿಯುತ್ತೆ. ನೀವು ತಲೆಯಲ್ಲಿ ಏನೂ ಲೆಕ್ಕ ಇಟ್ಟುಕೊಳ್ಳಬೇಕಿಲ್ಲ. ನಿದ್ದೆಗಣ್ಣಿನಲ್ಲಿ ಲೆಕ್ಕ ತಪ್ಪೋದು ಇಲ್ಲೇ. ಇದೇ ಕೆಲಸಕ್ಕೆ ಅಲಾರ್ಮ್ ಇಟ್ಟಿದ್ದರೆ ಅದು 11:40ಕ್ಕೆ ಕೂಗೇ ಕೂಗುತ್ತೆ, ನೀರು ಬಿದ್ದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನೀರಿಗೆ ಟೈಮರ್, ತಾರೀಖಿಗೆ ಅಲಾರ್ಮ್ ಅಂತ ನಾನು ಹೇಳೋದು.

ಇದರ ಮಿತಿಯೂ ತಿಳಿದಿರಲಿ. ಟೈಮರ್ ಎಣಿಸೋದು ಗಡಿಯಾರದ ನಿಮಿಷವನ್ನು, ನೀರನ್ನಲ್ಲ. ನೀವು ಮಲಗಿದ್ದಾಗ ಕರೆಂಟು ಹೋಗಿ ಬಂದು, ಆಟೋ ಸ್ಟಾರ್ಟರ್ ಮೋಟಾರನ್ನು ಮತ್ತೆ ಎತ್ತಿಕೊಂಡಿದ್ದರೆ ವಾಚಿಗೆ ಅದು ತಿಳಿಯಲ್ಲ. ಕೂಗಿದಾಗ ವಾಲ್ವಿನ ಹತ್ತಿರ ಹೋದ ಮೇಲೆ ಒಂದು ಗಿಡದ ಬುಡದ ಒದ್ದೆ ನೋಡಿ. ಹಿಂದಿನ ಭಾಗದಲ್ಲಿ ಆದಷ್ಟು ಅಗಲ ಒದ್ದೆ ಆಗಿಲ್ಲ ಅಂದ್ರೆ ನಡುವೆ ನೀರು ನಿಂತಿದೆ ಅಂತ ಅರ್ಥ. ಮೊಬೈಲ್ ಸ್ಟಾರ್ಟರ್ ಇದ್ದೋರಿಗೆ ಮೋಟಾರು ನಿಂತಾಗ ಕಾಲ್ ಅಥವಾ ಮೆಸೇಜ್ ಬರುತ್ತೆ, ಅದು ಬಂದಾಗ ವಾಚಿನಲ್ಲಿ ಸ್ಟಾಪ್ ಒತ್ತಿದರೆ ಎರಡೂ ಜೋಡಿಯಾಗಿ ಕೆಲಸ ಮಾಡ್ತವೆ.

ಇಷ್ಟೆಲ್ಲ ಯಾಕೆ ಬೇಕು ಅಂದ್ರೆ, ಒಂದನೇ ವಾಲ್ವ್ ತೆಗೆದು ಮಲಗಿದೋರು ಮೂರು ಗಂಟೆ ಎಚ್ಚರ ಆಗದಿದ್ದರೆ ಆ ಭಾಗಕ್ಕೆ ತೂತಿಗೆ 3 ಲೀಟರ್ ಬದಲು 12 ಲೀಟರ್ ಬೀಳುತ್ತೆ. ಹಿಂದಿನ ದಿನ ಡ್ರಿಪ್ಪಿನಲ್ಲಿ ಬಿಟ್ಟ ಯೂರಿಯಾ ಬೇರಿನ ಕೆಳಗೆ ಇಳಿದುಹೋಗುತ್ತೆ, ಉಳಿದ ಒಂದೂವರೆ ಎಕರೆ ಒಣಗಿರುತ್ತೆ. ಕಾಯಿ ಊದೋ ಸಮಯದಲ್ಲಿ ಹೀಗೆ ಒಂದು ದಿನ ಒಣಗಿ ಒಂದು ದಿನ ನೆನೆದರೆ ಟೊಮೆಟೊ ಸೀಳುತ್ತೆ, ಕಾಯಿಯ ತುದಿ ಕಪ್ಪಾಗುತ್ತೆ. ಸೀಳಿದ ಕಾಯಿಗೆ ಮಂಡಿಯಲ್ಲಿ ಬೆಲೆ ಎಷ್ಟು ಅಂತ ನಿಮಗೇ ಗೊತ್ತು.

ಗೊಬ್ಬರ ಬಿಡೋ ದಿನ

ರಸಗೊಬ್ಬರವನ್ನು ನೀರಿನ ಶುರುವಿನಿಂದ ಕೊನೆವರೆಗೂ ಬಿಡಬಾರದು. ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ ಮತ್ತೆ ಬರೀ ನೀರು. ಮೊದಲ ನೀರು ಪೈಪಿನ ಒತ್ತಡ ಸಮ ಮಾಡುತ್ತೆ, ಕೊನೆಯ ನೀರು ಪೈಪಿನಲ್ಲಿ ಉಳಿದ ಗೊಬ್ಬರ ತೊಳೆದು ತೂತು ಕಟ್ಟದ ಹಾಗೆ ಮಾಡುತ್ತೆ.

ಆ ದಿನ ಟೈಮರನ್ನು 45ರ ಬದಲು 15 ನಿಮಿಷಕ್ಕೆ ಇಡಿ, ಆಟೋ ರಿಪೀಟ್ ಹಾಗೇ ಇರಲಿ. ಮೊದಲ ಕೂಗಿಗೆ ವೆಂಚುರಿ ತೆಗೀರಿ. ಎರಡನೇ ಕೂಗಿಗೆ ವೆಂಚುರಿ ಮುಚ್ಚಿ. ಮೂರನೇ ಕೂಗಿಗೆ ವಾಲ್ವ್ ಬದಲಿಸಿ. ನಾಲ್ಕು ವಾಲ್ವಿಗೆ ಒಟ್ಟು ಹನ್ನೆರಡು ಕೂಗು. ಎಷ್ಟನೇ ಕೂಗು ಅನ್ನೋದು ಮರೆತುಹೋಗುತ್ತೆ ಅನ್ನೋರು ಜೇಬಿನಲ್ಲಿ ಹನ್ನೆರಡು ಕಡಲೆಬೀಜ ಇಟ್ಕೊಂಡು ಒಂದೊಂದೇ ತಿನ್ನಿ, ಲೆಕ್ಕ ತಪ್ಪಲ್ಲ. ಮೊದಲ ಭಾಗದ ಗೊಬ್ಬರ ಹದಿನೈದು ನಿಮಿಷದೊಳಗೇ ಖಾಲಿ ಆದರೆ ತೊಂದರೆ ಇಲ್ಲ, ಮುಗಿಯದಿದ್ದರೆ ವೆಂಚುರಿ ಎಳೀತಿಲ್ಲ ಅಂತ ಅರ್ಥ, ಅದರ ಒತ್ತಡ ಸರಿಮಾಡಿ.

ಅಲಾರ್ಮ್: ಹಸುವಿನ ಬೆದೆಗೆ

ಹಾಲಿನ ಹಸು ಇರೋರಿಗೆ ಅಲಾರ್ಮಿನ ನಿಜವಾದ ಉಪಯೋಗ ಇಲ್ಲಿದೆ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು, ಹಿಂಡಿ ಸುಮ್ಮನೆ ಹೋಯ್ತು ಅಂತ ಲೆಕ್ಕ. ಕರು ಹಾಕೋದೂ ಅಷ್ಟೇ ಹಿಂದಕ್ಕೆ ಹೋಗುತ್ತೆ.

ಎರಡು ಅಲಾರ್ಮ್ ಬೇಕಾಗುತ್ತೆ. ಮೊದಲನೆಯದು ಅದೇ ದಿನದ್ದು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್ ಮಾಡಿಸಬೇಕು, ಸಂಜೆ ಕಂಡರೆ ಮಾರನೇ ದಿನ ಬೆಳಿಗ್ಗೆ. ಬೆಳಿಗ್ಗೆ ಆರಕ್ಕೆ ಹಸು ಬೇರೆ ಹಸು ಹತ್ತಿದರೂ ಅಲುಗಾಡದೆ ನಿಂತಿದ್ದು ನೋಡಿದ್ರಾ? ವೈದ್ಯರಿಗೆ ಆಗಲೇ ಫೋನ್ ಮಾಡಿ ಹೇಳಿಬಿಡಿ, ಜೊತೆಗೆ ಸಂಜೆ ನಾಲ್ಕಕ್ಕೆ ವಾಚಿನಲ್ಲಿ ಅಲಾರ್ಮ್ ಇಡಿ. ಹೊಲದ ಕೆಲಸದ ನಡುವೆ ಸಂಜೆ ಆಗಿದ್ದೇ ತಿಳಿಯಲ್ಲ.

ಎರಡನೆಯದು ಗರ್ಭ ನಿಂತಿದೆಯಾ ಅಂತ ನೋಡೋದಕ್ಕೆ. ಮಾರ್ಚ್ 3ಕ್ಕೆ ಇಂಜೆಕ್ಷನ್ ಆಯ್ತು ಅನ್ನಿ. ಹಸು ನಿಂತಿಲ್ಲ ಅಂದ್ರೆ 18ರಿಂದ 24 ದಿನದೊಳಗೆ ಮತ್ತೆ ಬೆದೆಗೆ ಬರುತ್ತೆ, ಅಂದ್ರೆ ಮಾರ್ಚ್ 21ರಿಂದ 27. ಡಿಡಬ್ಲ್ಯು-5600ರ ಅಲಾರ್ಮ್‌ನಲ್ಲಿ ಗಂಟೆ ನಿಮಿಷದ ಜೊತೆಗೆ ತಿಂಗಳು, ತಾರೀಖನ್ನೂ ಇಡಬಹುದು. ತಿಂಗಳು 3, ತಾರೀಖು 21, ಬೆಳಿಗ್ಗೆ 5:30 ಅಂತ ಇಟ್ಟರೆ ಆ ಒಂದು ದಿನ ಮಾತ್ರ ಕೂಗುತ್ತೆ. ತಿಂಗಳು ಬಿಟ್ಟು ತಾರೀಖು ಮಾತ್ರ ಇಟ್ಟರೆ ಪ್ರತಿ ತಿಂಗಳು ಆ ತಾರೀಖಿಗೆ ಕೂಗುತ್ತೆ. ಎರಡೂ ಇಡದಿದ್ದರೆ ದಿನಾ ಕೂಗುತ್ತೆ. 21ರಂದು ಕೂಗಿದ ಮೇಲೆ ತಿಂಗಳು ತಾರೀಖು ಎರಡನ್ನೂ ಖಾಲಿ ಮಾಡಿ ದಿನದ ಅಲಾರ್ಮ್ ಮಾಡಿಕೊಳ್ಳಿ. 27ರವರೆಗೆ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಮಲಗೋ ಮುಂಚೆ ಒಮ್ಮೆ ಕೊಟ್ಟಿಗೆಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಬೆದೆಗೆ ಬರಲಿಲ್ಲ ಅಂದ ಮಾತ್ರಕ್ಕೆ ಗರ್ಭ ನಿಂತಿದೆ ಅಂತ ತೀರ್ಮಾನ ಬೇಡ. ಕೆಲವು ಹಸು ಕೂಗದೆ, ಲೋಳೆ ಹಾಕದೆ ಮೂಕಬೆದೆಯಲ್ಲೇ ಮುಗಿಸಿಬಿಡುತ್ತವೆ. ವೈದ್ಯರಿಂದ ಪರೀಕ್ಷೆ ಮಾಡಿಸಲೇಬೇಕು.

ಮೂರ್ನಾಲ್ಕು ಹಸು ಇದ್ದರೆ ಒಂದೇ ಅಲಾರ್ಮ್ ಸಾಲದು. ಆಗ ತಾರೀಖುಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿ, ವಾಚನ್ನು ದಿನದ ನೋಟಕ್ಕೆ ಮಾತ್ರ ಬಳಸಿ.

ಅಲಾರ್ಮ್ ಇಡೋದು ಟೈಮರಿನ ಹಾಗೇ. AL ಅಥವಾ ALM ಅಂತ ಬರೋ ತನಕ ಮೋಡ್ ಒತ್ತಿ, ಅಡ್ಜಸ್ಟ್ ಹಿಡಿದು ಅಂಕಿ ಇಡಿ. ಅಲಾರ್ಮ್ ಹೊಡೀಲಿಲ್ಲ ಅನ್ನೋರ ವಾಚು ನೋಡಿದಾಗ ಎರಡೇ ಕಾರಣ ಸಿಗೋದು. ಒಂದು, ಬೆಳಗಿನ 5:30ರ ಬದಲು ಪಕ್ಕದಲ್ಲಿ P ಅಂತ ಇರೋದು, ಅಂದ್ರೆ ಸಂಜೆ 5:30. ವಾಚನ್ನು 24 ಗಂಟೆಯ ಲೆಕ್ಕಕ್ಕೆ ಬದಲಿಸಿಬಿಟ್ಟರೆ ಈ ಗೊಂದಲ ಇರಲ್ಲ, ಸಂಜೆ ನಾಲ್ಕು ಅಂದ್ರೆ 16:00. ಎರಡು, ಸಮಯ ಇಟ್ಟಿರ್ತಾರೆ, ಅಲಾರ್ಮ್ ಆನ್ ಆಗಿರಲ್ಲ, ಅದರ ಬದಲು ಗಂಟೆಗೊಮ್ಮೆ ಟಿಕ್ ಅನ್ನೋ SIG ಆನ್ ಆಗಿರುತ್ತೆ. ಟೈಮ್ ತೋರಿಸೋ ಸ್ಕ್ರೀನಿಗೆ ವಾಪಸ್ ಬಂದು ಅಲಾರ್ಮಿನ ಗುರುತು ಕಾಣ್ತಿದೆಯಾ ಅಂತ ನೋಡೋದೇ ಪರೀಕ್ಷೆ.

ಎಲ್ಲಿ ಕೈಕೊಡುತ್ತೆ

ವಾಚಿನ ಕೂಗು ಸಣ್ಣದು, ತೆಳ್ಳಗೆ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಂತುಹೋಗುತ್ತೆ. ಟ್ರ್ಯಾಕ್ಟರ್ ಮೇಲೆ, ಬ್ರಷ್ ಕಟರ್ ಹಿಡಿದಾಗ ಕೇಳಿಸಲ್ಲ. ವಯಸ್ಸಾದ ಮೇಲೆ ಕಿವಿಗೆ ಮೊದಲು ಕೇಳಿಸದಾಗೋದು ಇಂಥ ತೆಳ್ಳನೆಯ ಸದ್ದೇ, ಹಾಗಾಗಿ ಅಪ್ಪನಿಗೆ, ಅಜ್ಜನಿಗೆ ಕೊಡಿಸೋ ಮುಂಚೆ ಅಂಗಡಿಯಲ್ಲೇ ಕೂಗಿಸಿ ಕೇಳಿಸಿ. ಇಂಥೋರಿಗೆ ಮತ್ತು ಯಂತ್ರದ ಮೇಲಿರೋರಿಗೆ ನಡುಗೋ ಅಲಾರ್ಮ್ ಇರೋ ಮಾದರಿಯೇ ಸರಿ. ನೀರಿನ ಪಾಳಿಯಲ್ಲಿ ಸ್ವಲ್ಪ ಕಣ್ಣು ಮುಚ್ಚೋದಾದರೆ ವಾಚು ಕಂಬಳಿಯೊಳಗಿನ ಕೈಯಲ್ಲಿರಬಾರದು, ಬಿಚ್ಚಿ ಕಿವಿ ಪಕ್ಕ ಇಡಿ. ಗಾಢ ನಿದ್ದೆಯೋರು ಜೊತೆಗೆ ಫೋನಿನಲ್ಲೂ ಇಡಿ.

ತಿರುಗೋ ಯಂತ್ರದ ಹತ್ತಿರ ವಾಚು ಬಿಚ್ಚಿಡಿ. ಮೇವು ಕತ್ತರಿಸೋ ಯಂತ್ರ, ಟ್ರ್ಯಾಕ್ಟರಿನ ಪಿಟಿಓ, ಒಕ್ಕಣೆ ಯಂತ್ರ, ಬೆಲ್ಟು ಓಡೋ ಯಾವುದೇ ಮೋಟಾರು. ಗಟ್ಟಿ ವಾಚಿನ ಪಟ್ಟಿಯ ಗುಣವೇ ಇಲ್ಲಿ ಅಪಾಯ, ಸಿಕ್ಕಿಕೊಂಡರೆ ಅದು ಕಿತ್ತುಹೋಗಲ್ಲ, ಕೈಯನ್ನೇ ಎಳೆಯುತ್ತೆ.

ಔಷಧಿ ಹೊಡೆಯೋವಾಗಲೂ ಬಿಚ್ಚಿಡಿ. ಪಟ್ಟಿಯ ಅಡಿಗೆ ಇಳಿದ ಔಷಧಿ ಬೆವರಿನ ಜೊತೆ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿರುತ್ತೆ, ಕೈತೊಳೆದರೂ ಅಲ್ಲಿಯದು ಹೋಗಲ್ಲ. ಟ್ಯಾಂಕ್ ಎಷ್ಟು ಹೊತ್ತಿಗೆ ಖಾಲಿ ಆಗುತ್ತೆ ಅಂತ ಅಳೆಯಬೇಕಿದ್ದರೆ ವಾಚನ್ನು ಬದುವಿನ ಕಡ್ಡಿಗೆ ಸಿಕ್ಕಿಸಿ. ಪೆಟ್ರೋಲು, ಥಿನ್ನರ್ ತಾಗಿದರೂ ಪಟ್ಟಿ ಬಿರುಕು ಬಿಡುತ್ತೆ.

ನೀರಿನ ವಿಷಯದಲ್ಲಿ 200 ಮೀಟರ್ ಅಂತ ಬರೆದಿದ್ದರೂ ನೀರಿನೊಳಗೆ ಗುಂಡಿ ಒತ್ತಬೇಡಿ. ಗುಂಡಿಯ ಸಂದಿಯಲ್ಲಿ ಕೆಸರು ಒಣಗಿದರೆ ಒತ್ತಿದ ಗುಂಡಿ ವಾಪಸ್ ಬರಲ್ಲ. ವಾರಕ್ಕೊಮ್ಮೆ ನಲ್ಲಿ ನೀರಿನಲ್ಲಿ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತಿಕ್ಕಿ ತೊಳೀರಿ, ಆಮೇಲೆ ಒರೆಸಿದ ಮೇಲೆ ಗುಂಡಿ ಮುಟ್ಟಿ.

ಬ್ಯಾಟರಿ ಮುಗಿಯೋದಕ್ಕೆ ಮುಂಚೆ ಸೂಚನೆ ಕೊಡುತ್ತೆ. ಲೈಟು ಒತ್ತಿದಾಗ, ಇಲ್ಲ ಅಲಾರ್ಮ್ ಕೂಗುವಾಗ ಅಂಕಿ ಮಸುಕಾದರೆ ಬದಲಿಸೋ ಕಾಲ ಬಂತು. ಕೂಗೋ ಸದ್ದು ಕ್ಷೀಣ ಆಗೋದೂ ಅದೇ ಗುರುತು. ಬದಲಿಸುವಾಗ ಪಕ್ಕದಲ್ಲೇ ನಿಂತಿರಿ. ಹಿಂದಿನ ಮುಚ್ಚಳದ ಒಳಗಿನ ರಬ್ಬರ್ ಬಳೆ ತನ್ನ ಗಾಡಿಯಲ್ಲಿ ಸರಿಯಾಗಿ ಕೂರಬೇಕು, ತಿರುಚಿದರೆ ಮೊದಲ ಮಳೆಗೇ ಗಾಜಿನೊಳಗೆ ಮಂಜು ಕಟ್ಟುತ್ತೆ. ಹೊಸ ಬ್ಯಾಟರಿ ಹಾಕಿದ ಮೇಲೂ ಅಂಕಿ ಅಡ್ಡಾದಿಡ್ಡಿ ಬಂದರೆ, ಕ್ಯಾಸಿಯೋ ವಾಚಿನ ಒಳಗೆ AC ಅಂತ ಗುರುತಿರೋ ಜಾಗವನ್ನೂ ಬ್ಯಾಟರಿಯ ಮೇಲ್ಮೈಯನ್ನೂ ಒಂದೆರಡು ಸೆಕೆಂಡು ಚಿಮಟದಿಂದ ಕೂಡಿಸಲು ಹೇಳಿ. ಕೆಟ್ಟಿದೆ ಅಂತ ಎಸೆಯೋ ಎಷ್ಟೋ ವಾಚು ಇಷ್ಟಕ್ಕೇ ಸರಿಹೋಗ್ತವೆ.

ವಾಚು ಈಗಾಗಲೇ ಇರೋರು ಈ ವಾರ ಒಂದೇ ಕೆಲಸ ಮಾಡಿ. ಟೈಮರ್ 3 ನಿಮಿಷಕ್ಕೆ ಇಟ್ಟು, ಅಳತೆ ಲೋಟ ಹಿಡಿದು, ನಿಮ್ಮ ಡ್ರಿಪ್ಪಿನ ಮೊದಲ ಮತ್ತು ಕೊನೆಯ ತೂತು ಅಳೆಯಿರಿ. ಆ ಎರಡು ಅಂಕಿ ಸಿಕ್ಕರೆ ವಾಲ್ವಿಗೆ ಎಷ್ಟು ನಿಮಿಷ ಅನ್ನೋದು ತಾನಾಗೇ ಸಿಗುತ್ತೆ.